ಮನೆಯಿಂದಲೇ ಅಂಗಡಿ ಲೆಕ್ಕ: ಎಷ್ಟು ಕೇಳಬೇಕು, ಏನನ್ನು ಮುಟ್ಟಬಾರದು

ಪ್ರಶ್ನೆ: ನಮಸ್ಕಾರ ಸರ್. ನಾನು ಬಿ.ಕಾಂ ಮುಗಿಸಿ ಕಲಬುರಗಿಯಲ್ಲಿ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ರ ಎರಡು ವರ್ಷ ಕೆಲಸ ಮಾಡಿದೀನಿ. ಟ್ಯಾಲಿ ಬರುತ್ತೆ. ಮಗು ಸಣ್ಣದು, ಅದಕ್ಕೆ ಮನೆಯಿಂದಲೇ ಅಂಗಡಿಗಳ ಲೆಕ್ಕ ಬರೀಬೇಕು ಅಂತಿದೀನಿ. ಶಹಾಬಾದಿನ ಒಂದು ಕಿರಾಣಿ ಅಂಗಡಿಯವರು ಒಪ್ಪಿದಾರೆ. ಆದ್ರೆ ಅವರು ಬ್ಯಾಂಕ್ ಪಾಸ್‌ವರ್ಡ್, ಓಟಿಪಿ ಎಲ್ಲಾ ನೀವೇ ಇಟ್ಕೊಳ್ಳಿ ಅಂತಾರೆ. ನನಗೆ ಭಯ. ತಿಂಗಳಿಗೆ ಎಷ್ಟು ಕೇಳಲಿ? ಯಾವ ಸಾಫ್ಟ್‌ವೇರ್ ಸಾಕು? ಅವರ ಲೆಕ್ಕ ಹೇಗೆ ಜೋಪಾನ ಮಾಡಲಿ?

ಉತ್ತರ: ಭಯಪಟ್ಟು ಒಳ್ಳೆಯದೇ ಮಾಡಿದ್ದೀರಿ. ಬ್ಯಾಂಕ್ ಪಾಸ್‌ವರ್ಡ್ ತೆಗೆದುಕೊಳ್ಳಬೇಡಿ. ಅವರು ನಂಬಿಕೆಯಿಂದಲೇ ಕೊಡುತ್ತಿದ್ದಾರೆ, ಅದರಲ್ಲಿ ತಪ್ಪಿಲ್ಲ. ಆದರೆ ನಾಳೆ ಆ ಖಾತೆಯಿಂದ ಹತ್ತು ಸಾವಿರ ಹೋದರೆ, ಯಾರೇ ತೆಗೆದಿರಲಿ, ಮೊದಲು ನೆನಪಾಗುವುದು ನಿಮ್ಮ ಹೆಸರು. ಲೆಕ್ಕ ಬರೆಯುವವರಿಗೆ ದುಡ್ಡು ನೋಡುವ ಅವಕಾಶ ಸಾಕು. ದುಡ್ಡು ಕದಲಿಸುವ ಅವಕಾಶ ಬೇಡವೇ ಬೇಡ. ನಿಮ್ಮ ಕೆಲಸಕ್ಕೆ ಬೇಕಾದದ್ದೆಲ್ಲ ಈ ಗೆರೆಯ ಈಚೆಗೇ ಸಿಗುತ್ತದೆ.

ಬ್ಯಾಂಕಿನಿಂದ ನಿಮಗೆ ಬೇಕಾದದ್ದು ತಿಂಗಳ ಸ್ಟೇಟ್‌ಮೆಂಟ್ ಮಾತ್ರ. ಅಂಗಡಿಯ ಹೆಸರಲ್ಲಿ ಒಂದು ಹೊಸ ಇಮೇಲ್ ಮಾಡಿಸಿ. ಅದರ ಪಾಸ್‌ವರ್ಡ್ ಸಾಹುಕಾರರ ಹತ್ತಿರವೇ ಇರಲಿ. ಬ್ಯಾಂಕಿಗೆ ಹೇಳಿದರೆ ಪ್ರತಿ ತಿಂಗಳು ಸ್ಟೇಟ್‌ಮೆಂಟ್ ಆ ಇಮೇಲಿಗೆ ಬರುತ್ತದೆ, ಅಲ್ಲಿಂದ ಅವರೋ ಅವರ ಮಗನೋ ನಿಮಗೆ ಕಳಿಸಬಹುದು. ಯುಪಿಐ ಪಿನ್, ಡೆಬಿಟ್ ಕಾರ್ಡ್, ಸಹಿ ಮಾಡಿಟ್ಟ ಖಾಲಿ ಚೆಕ್ ಯಾವುದೂ ನಿಮ್ಮ ಮನೆಗೆ ಬರಬಾರದು. "ಅರ್ಜೆಂಟ್ ಇದೆ, ಓಟಿಪಿ ಹೇಳ್ತೀನಿ, ನೀವೇ ಸಪ್ಲೈಯರ್‌ಗೆ ಹಾಕಿಬಿಡಿ" ಎಂದು ಒಂದು ದಿನ ಖಂಡಿತ ಫೋನ್ ಬರುತ್ತದೆ. ಆವತ್ತು ಬೇಡ ಎನ್ನಿ. ಒಮ್ಮೆ ಒಪ್ಪಿದರೆ ಅದೇ ರೂಢಿಯಾಗುತ್ತದೆ.

ಜಿಎಸ್‌ಟಿ ಓಟಿಪಿ ಮಾತು ಸ್ವಲ್ಪ ಬೇರೆ. ರಿಟರ್ನ್ ಸಲ್ಲಿಸುವಾಗ ಮಾಲೀಕರ ಮೊಬೈಲಿಗೆ ಬರುವ ಓಟಿಪಿ ಅವರ ಸಹಿ ಇದ್ದ ಹಾಗೆ. ಸದ್ಯಕ್ಕೆ ಆ ಕೆಲಸ ಅವರ ಕನ್ಸಲ್ಟೆಂಟರಿಗೇ ಬಿಡಿ. ನೀವು ಲೆಕ್ಕ ಸಿದ್ಧ ಮಾಡಿ ಕೊಡಿ. ಸಲ್ಲಿಸುವ ಮುಂಚೆ ಮೂರು ಅಂಕಿ ಮಾಲೀಕರಿಗೆ ಓದಿ ಹೇಳಬೇಕು: ಒಟ್ಟು ಮಾರಾಟ, ಅದರ ಮೇಲಿನ ತೆರಿಗೆ, ಕೊನೆಗೆ ಕಟ್ಟಬೇಕಾದ ಹಣ. ಅವರು ಹೂಂ ಎಂದ ಮೇಲೆಯೇ ಓಟಿಪಿ. ಮುಂದೆ ನೀವೇ ಸಲ್ಲಿಸಬೇಕು ಅಂತಿದ್ದರೆ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿ. ಬಿ.ಕಾಂ ಅದಕ್ಕೆ ಸಾಕು, ಒಂದು ಪರೀಕ್ಷೆ ಪಾಸಾಗಬೇಕು. ಆಮೇಲೆ ಮಾಲೀಕರು ಪೋರ್ಟಲ್‌ನಲ್ಲಿ ನಿಮ್ಮನ್ನು ಸೇರಿಸುತ್ತಾರೆ. ಬೇಡ ಎನಿಸಿದ ದಿನ ತೆಗೆಯುತ್ತಾರೆ. ಅವರ ಪಾಸ್‌ವರ್ಡ್ ನಿಮಗೆ ಬೇಕಾಗುವುದೇ ಇಲ್ಲ.

ಇನ್ನು ಸಾಫ್ಟ್‌ವೇರ್. ನಿಮಗೆ ಟ್ಯಾಲಿ ಬರುತ್ತದೆ, ನಮ್ಮ ಕಡೆಯ ಕನ್ಸಲ್ಟೆಂಟರು ಕೇಳುವುದೂ ಹೆಚ್ಚಾಗಿ ಟ್ಯಾಲಿ ಡೇಟಾವನ್ನೇ. ಅದರಲ್ಲೇ ಮುಂದುವರಿಯಿರಿ. ಟ್ಯಾಲಿಪ್ರೈಮ್‌ನ ಒಬ್ಬರೇ ಬಳಸುವ ಸಿಲ್ವರ್ ಲೈಸೆನ್ಸಿನಲ್ಲಿ ಎಷ್ಟು ಅಂಗಡಿಗಳ ಕಂಪನಿ ಬೇಕಾದರೂ ತೆರೆಯಬಹುದು. ಆರಂಭದಲ್ಲಿ ಬಾಡಿಗೆ ಲೈಸೆನ್ಸ್ ತೆಗೆದುಕೊಂಡರೂ ನಡೆಯುತ್ತದೆ. ಪೆನ್‌ಡ್ರೈವಿನಲ್ಲಿ ಓಡಾಡುವ ಕ್ರ್ಯಾಕ್ ಟ್ಯಾಲಿ ಹಾಕಿಕೊಳ್ಳಬೇಡಿ. ಬೇರೆಯವರ ಲೆಕ್ಕ ಇಡುವ ಕಂಪ್ಯೂಟರಿಗೆ ಯಾರೋ ತಿದ್ದಿದ ಸಾಫ್ಟ್‌ವೇರ್ ಹಾಕುವುದೆಂದರೆ ಗೋದಾಮಿನ ಹಿಂಬಾಗಿಲು ತೆರೆದಿಟ್ಟ ಹಾಗೆ.

ಅಂಗಡಿಯವರ ಕೈಗೆ ಹೊಸ ಆ್ಯಪ್ ಕೊಡುವ ಅವಸರವೂ ಬೇಡ. ಅವರು ಮೊಬೈಲಿನಲ್ಲಿ ಆಗಲೇ ಬಿಲ್ ಮಾಡುತ್ತಿದ್ದರೆ ಅದರಿಂದ ಎಕ್ಸೆಲ್ ತರಿಸಿಕೊಳ್ಳಿ. ಕಿರ್ದಿ ಬರೆಯುವವರಾದರೆ ಬರೆಯಲಿ ಬಿಡಿ, ಪ್ರತಿ ರಾತ್ರಿ ಆ ಪುಟದ ಒಂದು ಫೋಟೋ ಬಂದರೆ ಸಾಕು. ಪುಟದಲ್ಲಿ ಇಷ್ಟು ಇರಬೇಕು: ಬೆಳಿಗ್ಗೆ ಗಲ್ಲಾದಲ್ಲಿದ್ದ ರೋಕ, ರೋಕ ಮಾರಾಟ, ಕ್ಯೂಆರ್ ಮಾರಾಟ, ಕೊಟ್ಟ ಉದ್ರಿ, ಬಂದ ಉದ್ರಿ, ಖರ್ಚು, ಬ್ಯಾಂಕಿಗೆ ಕಟ್ಟಿದ್ದು, ರಾತ್ರಿ ಎಣಿಸಿದಾಗ ಉಳಿದ ರೋಕ. ಕೊನೆಯದು ಎಣಿಸಿದ ಅಂಕಿಯೇ ಆಗಬೇಕು, ಕೂಡಿಸಿ ಕಳೆದು ತೆಗೆದದ್ದಲ್ಲ. ಎಣಿಸಿದ್ದಕ್ಕೂ ಲೆಕ್ಕಕ್ಕೂ ವ್ಯತ್ಯಾಸ ಬಂದಾಗಲೇ ತಪ್ಪು ಎಲ್ಲಿದೆ ಅಂತ ಗೊತ್ತಾಗುವುದು.

ನಮ್ಮ ಕಡೆಯ ಕಿರಾಣಿ ಅಂಗಡಿಗೆ ಇನ್ನೊಂದು ಮಾತು. ತೊಗರಿಬೇಳೆಯನ್ನು ಚೀಲದಿಂದ ತೂಗಿ ಮಾರಿದರೆ ಜಿಎಸ್‌ಟಿ ಇಲ್ಲ. ಅದೇ ಬೇಳೆ ಲೇಬಲ್ ಇರುವ 25 ಕೆ.ಜಿ. ಒಳಗಿನ ಪ್ಯಾಕೆಟ್ಟಿನಲ್ಲಿ ಹೋದರೆ ಶೇ. 5 ತೆರಿಗೆ. 2022ರ ಜುಲೈ 18ರಿಂದ ಹೀಗಿದೆ. ಹಾಗಾಗಿ ದಿನದ ಮಾರಾಟ ಒಂದೇ ಮೊತ್ತದಲ್ಲಿ ಬಂದರೆ ನೀವು ಏನೂ ಮಾಡಲಾಗದು. ತೆರಿಗೆ ಇಲ್ಲದ ಮಾಲು ಎಷ್ಟು, ತೆರಿಗೆ ಇರುವುದು ಯಾವ ದರದಲ್ಲಿ ಎಷ್ಟು ಎಂದು ಬೇರೆ ಬೇರೆ ಬರಬೇಕು. ಮೊದಲ ವಾರವೇ ಇದನ್ನು ಅಂಗಡಿಯಲ್ಲಿ ಕೂತು ಹೇಳಿಕೊಡಿ. ಫೋನಿನಲ್ಲಿ ಇದು ಆಗುವುದಿಲ್ಲ.

ಈಗ ಒಂದು ಅಂಗಡಿಯ ಒಂದು ತಿಂಗಳು ನೋಡೋಣ. ನಾನು ನೋಡಿದ ಎರಡು ಮೂರು ಅಂಗಡಿಗಳನ್ನು ಸೇರಿಸಿ ಈ ಉದಾಹರಣೆ ಮಾಡಿದ್ದೇನೆ, ಯಾರ ಗುರುತೂ ಇದರಲ್ಲಿ ಇಲ್ಲ. ಚಿತ್ತಾಪುರದ ಕಡೆಯ ಕಿರಾಣಿ ಅಂಗಡಿ, ಪ್ರತಿ ತಿಂಗಳು ರಿಟರ್ನ್ ಹಾಕುವಂಥದ್ದು. ತಿಂಗಳಿಗೆ 62 ಖರೀದಿ ಬಿಲ್, 26 ದಿನದ ಕಿರ್ದಿ ಪುಟ, ಒಂದು ಕರೆಂಟ್ ಅಕೌಂಟ್.

3ನೇ ತಾರೀಖಿನೊಳಗೆ ಸ್ಟೇಟ್‌ಮೆಂಟ್ ಮತ್ತು ಉಳಿದ ಬಿಲ್ಲಿನ ಫೋಟೋ ಬರಬೇಕು. ಖರೀದಿ ಬಿಲ್ ಎಂಟ್ರಿ ಮಾಡುವಾಗ ಸಪ್ಲೈಯರ್ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ. 29 ಇದ್ದರೆ ಕರ್ನಾಟಕ, 27 ಮಹಾರಾಷ್ಟ್ರ, 36 ತೆಲಂಗಾಣ. ನಮ್ಮ ಅಂಗಡಿಗಳಿಗೆ ಸೊಲ್ಲಾಪುರದಿಂದಲೂ ಹೈದರಾಬಾದಿನಿಂದಲೂ ಮಾಲು ಬರುತ್ತದೆ. ಆ ಬಿಲ್ಲುಗಳಲ್ಲಿ ಇರುವುದು ಐಜಿಎಸ್‌ಟಿ. ಅವಸರದಲ್ಲಿ ಅದನ್ನು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಒಡೆದು ಹಾಕಿದರೆ ತಿಂಗಳ ಕೊನೆಗೆ ಯಾವುದೂ ತಾಳೆ ಆಗುವುದಿಲ್ಲ.

ಈ ಅಂಗಡಿಯ ಕಿರ್ದಿ ಪುಟಗಳನ್ನು ಕೂಡಿಸಿದಾಗ ತಿಂಗಳ ಕ್ಯೂಆರ್ ಮಾರಾಟ 2,84,600 ರೂ. ಬಂತು. ಕರೆಂಟ್ ಅಕೌಂಟಿಗೆ ಕ್ಯೂಆರ್‌ನಿಂದ ಜಮೆ ಆದದ್ದು 1,97,350 ರೂ. ಮಾತ್ರ. 87,250 ರೂ. ಕಾಣೆ. ಇಂಥಲ್ಲಿ ಅದನ್ನು ಸಸ್ಪೆನ್ಸ್‌ಗೆ ಹಾಕಿ ಮುಂದೆ ಹೋಗಬಾರದು. ಮೊದಲು ತಿಂಗಳ ಕೊನೆಯ ದಿನದ ಹಣ ಮರುದಿನ ಜಮೆ ಆಗಿದೆಯೇ ನೋಡಿ. ಅದಾಗಿದ್ದರೆ ವ್ಯತ್ಯಾಸ ಒಂದು ದಿನದ ವ್ಯಾಪಾರಕ್ಕಿಂತ ಜಾಸ್ತಿ ಇರುವುದಿಲ್ಲ. ಇಲ್ಲಿ ಹಾಗಿರಲಿಲ್ಲ, ಪ್ರತಿದಿನವೂ ಮೂರು ಸಾವಿರದಷ್ಟು ಕಡಿಮೆ. ವಿಡಿಯೋ ಕಾಲ್ ಮಾಡಿ ಗಲ್ಲಾ ಮುಂದೆ ತೋರಿಸಿ ಎಂದಾಗ ಗೊತ್ತಾಯಿತು. ಅಲ್ಲಿ ಎರಡು ಕ್ಯೂಆರ್ ಅಂಟಿಸಿದ್ದರು. ಎರಡನೆಯದು ಮಗನ ಸೇವಿಂಗ್ಸ್ ಖಾತೆಯದು. ಸರ್ವರ್ ಡೌನ್ ಆದಾಗ ಇರಲಿ ಅಂತ ಹಾಕಿದ್ದರು, ಅಷ್ಟೇ.

ಉದ್ದೇಶ ಸರಳ, ಆದರೆ ಅದು ಅಂಗಡಿಯ ಮಾರಾಟ. ಯಾರ ಖಾತೆಗೆ ಬಿದ್ದರೂ ಮಾರಾಟದಲ್ಲಿ ಸೇರಬೇಕು, ತೆರಿಗೆಯೂ ಲೆಕ್ಕಕ್ಕೆ ಬರಬೇಕು. ಮಗನ ಖಾತೆಗೆ ಹೋದ ಹಣವನ್ನು ಮಾಲೀಕರ ಡ್ರಾಯಿಂಗ್ಸ್ ಎಂದು ಬರೆದೆವು, ಎರಡನೆಯ ಕ್ಯೂಆರ್ ಆವತ್ತೇ ಕಿತ್ತರು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನಿಮಗೆ ನೆನಪಿರಬಹುದು. ಜಮೆಯಲ್ಲಿ ಕೈಗಡ ಎಷ್ಟು, ಮನೆಯ ದುಡ್ಡು ಎಷ್ಟು, ತೆರಿಗೆ ಇಲ್ಲದ ಮಾಲಿನ ಮಾರಾಟ ಎಷ್ಟು ಎಂದು ತೋರಿಸಲು ಪುಸ್ತಕ ಇಲ್ಲದವರು ತುಂಬಾ ಒದ್ದಾಡಿದರು. ನಿಮ್ಮ ಸಾಹುಕಾರರಿಗೆ ನೀವು ಮಾಡಿಕೊಡುವ ದೊಡ್ಡ ಕೆಲಸ ಇದೇ, ಪ್ರತಿ ಜಮೆಯ ಮುಂದೆ ಅದು ಏನು ಎಂದು ಬರೆದಿಡುವುದು.

14ನೇ ತಾರೀಖು ಜಿಎಸ್‌ಟಿಆರ್-2ಬಿ ಬರುತ್ತದೆ. ಸಪ್ಲೈಯರ್‌ಗಳು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿ ಅದು. ಈ ಅಂಗಡಿಯ ಪುಸ್ತಕದಲ್ಲಿ ಖರೀದಿ ಮೇಲಿನ ತೆರಿಗೆ 31,480 ರೂ. ಇತ್ತು, 2ಬಿಯಲ್ಲಿ 27,160 ರೂ. ಉಳಿದ 4,320 ರೂ. ಒಬ್ಬನೇ ಡಿಸ್ಟ್ರಿಬ್ಯೂಟರಿನ ಎರಡು ಬಿಲ್ಲಿನದು. ಅವರು ರಿಟರ್ನಿನಲ್ಲಿ ಆ ಬಿಲ್ ಹಾಕಿರಲಿಲ್ಲ. 2ಬಿಯಲ್ಲಿ ಬರದ ತೆರಿಗೆಯನ್ನು ಈ ತಿಂಗಳು ಕಟ್ಟಬೇಕಾದ ತೆರಿಗೆಯಿಂದ ಕಳೆಯುವ ಹಾಗಿಲ್ಲ. ಡಿಸ್ಟ್ರಿಬ್ಯೂಟರಿಗೆ ಬಿಲ್ ನಂಬರ್, ತಾರೀಖು ಬರೆದು ಮೆಸೇಜ್ ಹಾಕಬೇಕು. ಬಾಕಿ ಪಟ್ಟಿಯಲ್ಲಿ ಇಟ್ಟುಕೊಂಡು ಮುಂದಿನ ತಿಂಗಳು ಮತ್ತೆ ನೋಡಬೇಕು. ಆ ಮೆಸೇಜ್ ಹೋಗುವ ಮುಂಚೆ ಮಾಲೀಕರನ್ನು ಒಂದು ಮಾತು ಕೇಳಿ. ವ್ಯಾಪಾರದ ಸಂಬಂಧ ಅವರದು. 20ನೇ ತಾರೀಖಿನೊಳಗೆ ಹಾಕಬೇಕಾದ ಜಿಎಸ್‌ಟಿಆರ್-3ಬಿ ರಿಟರ್ನಿಗೆ ಅಂಕಿಗಳು 17ಕ್ಕೇ ಕನ್ಸಲ್ಟೆಂಟರ ಕೈಯಲ್ಲಿದ್ದರೆ ಎಲ್ಲರಿಗೂ ನೆಮ್ಮದಿ.

ಫೀಸಿನ ವಿಷಯ ಈಗ ಸುಲಭವಾಗುತ್ತದೆ, ಯಾಕೆಂದರೆ ಕೆಲಸ ಎಷ್ಟು ಅಂತ ಕಣ್ಣ ಮುಂದಿದೆ. ಒಂದು ಖರೀದಿ ಬಿಲ್ಲಿಗೆ 3 ನಿಮಿಷ ಹಿಡಿಯಿರಿ, 62 ಬಿಲ್ಲಿಗೆ 186 ನಿಮಿಷ. ಕಿರ್ದಿ ಪುಟಕ್ಕೂ 3 ನಿಮಿಷ, 26 ಪುಟಕ್ಕೆ 78. ಬ್ಯಾಂಕ್ ತಾಳೆಗೆ 2 ಗಂಟೆ, 2ಬಿ ತಾಳೆಗೆ ಒಂದೂವರೆ ಗಂಟೆ, ತಿಂಗಳ ವರದಿಗೆ ಅರ್ಧ ಗಂಟೆ. ಆಮೇಲೆ ಎಲ್ಲರೂ ಬಿಟ್ಟುಬಿಡುವ ಒಂದು ಬಾಬ್ತು ಇದೆ, ಫೋನ್. "ಅಣ್ಣಾ, ಆ ಬಿಲ್ಲಿನ ಎರಡನೇ ಪುಟ ಕಳಿಸ್ರಿ" ಎಂದು ಹಿಂದೆ ಬೀಳುವುದಕ್ಕೇ 2 ಗಂಟೆ ಹೋಗುತ್ತದೆ. ಎಲ್ಲಾ ಸೇರಿ 624 ನಿಮಿಷ, ಹತ್ತು ಗಂಟೆಗಿಂತ ಸ್ವಲ್ಪ ಜಾಸ್ತಿ. ಗಂಟೆಗೆ 200 ರೂ. ಹಿಡಿದರೆ 2,080 ರೂ. ಹಾಗಾಗಿ ಇಂಥ ಅಂಗಡಿಗೆ 2,000ದಿಂದ 2,500 ರೂ. ಕೇಳುವುದು ನನ್ನ ದೃಷ್ಟಿಯಲ್ಲಿ ನ್ಯಾಯ. ಕಾಂಪೋಸಿಷನ್‌ನಲ್ಲಿರುವ ಸಣ್ಣ ಅಂಗಡಿಗೆ ಖರೀದಿ ತೆರಿಗೆ ಕಳೆಯುವ ಕೆಲಸ ಇಲ್ಲ, ತೆರಿಗೆಯನ್ನೂ ಮೂರು ತಿಂಗಳಿಗೊಮ್ಮೆ ಕಟ್ಟಿದರೆ ಸಾಕು. ಅಲ್ಲಿ 1,000ದಿಂದ 1,200 ರೂ. ಸಾಕಾಗುತ್ತದೆ.

ಆದರೆ ಮೊದಲ ದಿನವೇ ಅಂಕಿ ಹೇಳಬೇಡಿ. ಹಿಂದಿನ ಒಂದು ತಿಂಗಳ ಬಿಲ್ಲಿನ ಕಟ್ಟು ತರಿಸಿ ಎಣಿಸಿ, ಆಮೇಲೆ ಹೇಳಿ. ನಿಮ್ಮ ಫೀಸಿನಲ್ಲಿ ಎಷ್ಟು ಬಿಲ್ಲಿನವರೆಗೆ ಸೇರಿದೆ ಎಂದು ಒಂದು ಗೆರೆ ಹಾಕಿ, ಇಲ್ಲಿ 75 ಅಂತಿಟ್ಟುಕೊಳ್ಳಿ. ದೀಪಾವಳಿ ತಿಂಗಳಲ್ಲಿ 120 ಬಂದರೆ ಮೇಲಿನ ಪ್ರತಿ ಬಿಲ್ಲಿಗೆ 10 ರೂ. ಎಂದು ಮೊದಲೇ ಮಾತಾಗಿರಲಿ. ಹಳೆಯ ಬಾಕಿ ಲೆಕ್ಕ ಬರೆಯುವುದು ಬೇರೆ ಕೆಲಸ, ಅದಕ್ಕೆ ಬೇರೆ ದುಡ್ಡು. ಅದನ್ನು ತಿಂಗಳ ಫೀಸಿನಲ್ಲೇ ಸೇರಿಸಿಕೊಂಡು ಸೊರಗಿದವರನ್ನು ಬಹಳ ನೋಡಿದ್ದೇನೆ. ಸಂಬಂಧಿಕರ ಅಂಗಡಿಯಾದರೂ ಫೀಸ್ ತೆಗೆದುಕೊಳ್ಳಿ, ಬೇಕಾದರೆ ಕಡಿಮೆ ಮಾಡಿ. ಪುಕ್ಕಟೆ ಕೆಲಸದಲ್ಲಿ ಬಿಲ್ ತಡವಾಗಿಯೇ ಬರುತ್ತವೆ.

ಗುಟ್ಟು ಕಾಯುವ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಂಥ ಊರಲ್ಲಿ ಅಂಗಡಿಯ ಲೆಕ್ಕ ಹೊರಗೆ ಹೋಗುವುದು ಕಂಪ್ಯೂಟರ್ ಕಳ್ಳರಿಂದ ಕಡಿಮೆ, ಮಾತಿನಿಂದ ಜಾಸ್ತಿ. ಶಹಾಬಾದಿನ ನಿಮ್ಮ ಸಾಹುಕಾರರಿಗೆ ಆದಾಯ ಎಷ್ಟು ಎಂಬುದು ಹೊರಬಿದ್ದರೂ ಅವರು ಸಹಿಸಬಹುದು. ಬೇಳೆ ಯಾವ ದರಕ್ಕೆ ಬಂತು, ಎಣ್ಣೆಯ ಡಿಸ್ಟ್ರಿಬ್ಯೂಟರ್ ಎಷ್ಟು ಡಿಸ್ಕೌಂಟ್ ಕೊಟ್ಟ, ಯಾರ ಹೆಸರಲ್ಲಿ ಎಷ್ಟು ಉದ್ರಿ ಇದೆ, ಈ ಮೂರು ಮಾತ್ರ ಎದುರಿನ ಅಂಗಡಿಗೆ ಗೊತ್ತಾಗಬಾರದು. ನಾಳೆ ಎದುರಿನ ಅಂಗಡಿಯವರೇ ನಿಮ್ಮ ಹತ್ತಿರ ಲೆಕ್ಕಕ್ಕೆ ಬರುತ್ತಾರೆ. ಬಂದಾಗ ಮೊದಲನೆಯವರಿಗೆ ಹೇಳಿ ಒಪ್ಪಿಗೆ ಪಡೆಯಿರಿ. ಅವರು ಬೇಡ ಎಂದರೆ ಬಿಡಿ.

ನನ್ನ ಕೈಯಿಂದಲೇ ಒಂದು ತಪ್ಪಾಗಿದೆ. ಕೆಲಸ ಶುರು ಮಾಡಿದ ಎರಡನೇ ವರ್ಷ. ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಅಂಗಡಿ ನನ್ನ ಹತ್ತಿರ ಇದ್ದವು. ರಾತ್ರಿ ಹನ್ನೊಂದಕ್ಕೆ ಒಂದರ ಉದ್ರಿ ಪಟ್ಟಿಯನ್ನು ವಾಟ್ಸಾಪ್‌ನಲ್ಲಿ ಇನ್ನೊಂದಕ್ಕೆ ಕಳಿಸಿಬಿಟ್ಟೆ. ಬೆಳಿಗ್ಗೆ ನೋಡಿ ಅಳಿಸುವಷ್ಟರಲ್ಲಿ ಅವರು ಓದಿಯಾಗಿತ್ತು. ಆ ಪಟ್ಟಿಯಲ್ಲಿ ಅವರ ಷಡ್ಡಕನ ಹೆಸರಿತ್ತು, 46,000 ರೂ. ಬಾಕಿ. ಸಂಜೆಯೊಳಗೆ ಆ ಮನೆಯಲ್ಲಿ ಜಗಳ. ಪಟ್ಟಿಯ ಮಾಲೀಕರು ನನ್ನ ಮೇಲೆ ಕೂಗಾಡಲಿಲ್ಲ. ಪುಸ್ತಕ ವಾಪಸ್ ಕೊಡಿ ಎಂದರು, ಅಷ್ಟೇ. ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬಂದೆ. ಆ ಷಡ್ಡಕನ ಮನೆಯವರ ಮುಖ ಇವತ್ತಿಗೂ ನನಗೆ ನೆನಪಿದೆ.

ಆವತ್ತಿನಿಂದ ನನ್ನ ಹತ್ತಿರ ಯಾವ ಫೈಲಿಗೂ ಅಂಗಡಿಯ ಹೆಸರಿಲ್ಲ. ಪ್ರತಿ ಅಂಗಡಿಗೆ ಒಂದು ಕೋಡ್, ಫೈಲಿನ ಹೆಸರು `K07_2025-11_udri.pdf` ಹೀಗೆ. ಫೋನಿನಲ್ಲಿ ಆ ಸಾಹುಕಾರರ ಹೆಸರಿನ ಮುಂದೆಯೂ K07 ಎಂದಿದೆ. ಕಳಿಸುವಾಗ ಎರಡೂ ಒಂದೇ ಆಗಿದೆಯೇ ಎಂದು ನೋಡುತ್ತೇನೆ. ಉದ್ರಿ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳನ್ನು ಬಿಚ್ಚಿ ಕಳಿಸುವುದೇ ಇಲ್ಲ. 7-ಜಿಪ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಬೀಗ ಹಾಕಿ ಕಳಿಸುತ್ತೇನೆ. ಅಂಗಡಿಯ ಫೋಲ್ಡರ್ ಇರುವ ಜಾಗದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಬರೆಯಬೇಕು:

```
"C:\Program Files\7-Zip\7z.exe" a -p -mhe=on K07_2025-11.7z K07_2025-11
```

ಇದರಲ್ಲಿ `-p` ಪಾಸ್‌ವರ್ಡ್ ಕೇಳುತ್ತದೆ. `-mhe=on` ಇದ್ದರೆ ಒಳಗಿನ ಫೈಲುಗಳ ಹೆಸರೂ ಕಾಣುವುದಿಲ್ಲ. ಪಾಸ್‌ವರ್ಡನ್ನು ಅದೇ ವಾಟ್ಸಾಪ್‌ನಲ್ಲಿ ಬರೆಯಬೇಡಿ, ಫೋನ್ ಮಾಡಿ ಹೇಳಿ.

ವಾಟ್ಸಾಪ್ ಬಿಟ್ಟು ನಮ್ಮ ಅಂಗಡಿಯವರು ಬೇರೆಯದರಲ್ಲಿ ಬಿಲ್ ಕಳಿಸುವುದಿಲ್ಲ, ಅದನ್ನು ಒಪ್ಪಿಕೊಂಡೇ ನಡೆಯಬೇಕು. ಕೆಲಸಕ್ಕೆ ಬೇರೆ ಸಿಮ್ ಇಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಮೀಡಿಯಾ ಗ್ಯಾಲರಿಗೆ ಹೋಗುವುದನ್ನು ಬಂದ್ ಮಾಡಿ. ಇಲ್ಲದಿದ್ದರೆ ಮಗುವಿನ ಫೋಟೋಗಳ ನಡುವೆ ಯಾರದೋ ಬಿಲ್ ಇರುತ್ತದೆ, ಮನೆಗೆ ಬಂದವರು ಫೋಟೋ ನೋಡುತ್ತಾ ಅದನ್ನೂ ನೋಡುತ್ತಾರೆ. ಬಿಲ್ ಎಂಟ್ರಿ ಆದ ಮೇಲೆ ಫೋಟೋವನ್ನು ಕಂಪ್ಯೂಟರಿನ ಆ ಅಂಗಡಿಯ ಫೋಲ್ಡರಿಗೆ ಹಾಕಿ ಫೋನಿನಿಂದ ಅಳಿಸಿ.

ಟ್ಯಾಲಿಯಲ್ಲಿ ಪ್ರತಿ ಕಂಪನಿಗೂ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿ. ಅದು ಡೇಟಾವನ್ನೇ ಗುಪ್ತಗೊಳಿಸುತ್ತದೆ, ಪಾಸ್‌ವರ್ಡ್ ಇಲ್ಲದೆ ಕಂಪನಿಯ ಹೆಸರೂ ಕಾಣುವುದಿಲ್ಲ. ಆದರೆ ಆ ಪಾಸ್‌ವರ್ಡ್ ಮರೆತರೆ ಲೆಕ್ಕ ಹೋದಂತೆಯೇ, ಯಾರೂ ತೆಗೆದುಕೊಡಲಾರರು. ಅದನ್ನು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿ ಸಾಹುಕಾರರ ತಿಜೋರಿಯಲ್ಲಿ ಇಡಿಸಿ. ಪ್ರತಿ ಶನಿವಾರ `Alt+Y` ಒತ್ತಿ ಬ್ಯಾಕಪ್ ತೆಗೆಯಿರಿ. ತಿಂಗಳಿಗೊಮ್ಮೆ ಒಂದು ಬ್ಯಾಕಪ್ಪನ್ನು ಬೇರೆ ಫೋಲ್ಡರಿಗೆ ರಿಸ್ಟೋರ್ ಮಾಡಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಇದೆಯೋ ಇಲ್ಲವೋ ಗೊತ್ತಿಲ್ಲ ಎಂದೇ ತಿಳಿಯಿರಿ.

ಮುಂದೆ ಅಂಗಡಿಯವರ ಕಂಪ್ಯೂಟರಿನಲ್ಲೇ ಟ್ಯಾಲಿ ಇರುವ ಕಡೆ ಕೆಲಸ ಬಂದರೆ ಎನಿಡೆಸ್ಕ್‌ನಂಥದ್ದು ಬಳಸಬೇಕಾಗುತ್ತದೆ. ಪ್ರತಿ ಸಲವೂ ಅವರೇ ಒಪ್ಪಿಗೆ ಒತ್ತಬೇಕು. ಯಾರಿಲ್ಲದಾಗಲೂ ಒಳಗೆ ಹೋಗುವ ಖಾಯಂ ಪಾಸ್‌ವರ್ಡ್ ಇಡಬೇಡಿ. ಕೆಲಸದ ಹೊತ್ತಿನಲ್ಲಿ ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪುಟ ತೆರೆದಿರಬಾರದು. ಅವರ ಟ್ಯಾಲಿಯಲ್ಲಿ ನಿಮಗೆ ಮಾಲೀಕರ ಲಾಗಿನ್ ಬೇಡ, ಎಂಟ್ರಿ ಮಾಡುವಷ್ಟೇ ಹಕ್ಕಿರುವ ಬೇರೆ ಲಾಗಿನ್ ಮಾಡಿಸಿ.

ಇದೆಲ್ಲವನ್ನೂ ಕನ್ನಡದಲ್ಲಿ ಒಂದು ಪುಟ ಬರೆದು ಇಬ್ಬರೂ ಸಹಿ ಮಾಡಿ. ಯಾವ ಕಾಗದ ನಿಮ್ಮ ಹತ್ತಿರ ಬರುತ್ತದೆ, ಎಲ್ಲಿ ಇಡುತ್ತೀರಿ, ನಿಮ್ಮನ್ನು ಬಿಟ್ಟು ಯಾರು ನೋಡುತ್ತಾರೆ, ಕನ್ಸಲ್ಟೆಂಟರಿಗೆ ಏನೇನು ಕಳಿಸುತ್ತೀರಿ, ಫೀಸ್ ಎಷ್ಟು. ಎರಡು ಮಾತು ಬಾಯಿಬಿಟ್ಟೂ ಹೇಳಿ. ಕಾನೂನು ಪ್ರಕಾರ ಇಲಾಖೆ ಕೇಳಿದರೆ ಲೆಕ್ಕ ಮುಚ್ಚಿಡಲು ನಿಮ್ಮಿಂದ ಆಗದು. ಇಲ್ಲದ ಬಿಲ್ ಬರೆಯುವುದೂ ಗುಟ್ಟು ಕಾಯುವುದರಲ್ಲಿ ಸೇರುವುದಿಲ್ಲ. ಇದನ್ನು ಕೇಳಿ ಒಬ್ಬಿಬ್ಬರು ಹಿಂದೆ ಸರಿಯುತ್ತಾರೆ, ಸರಿಯಲಿ.

ಅದೇ ಪುಟದಲ್ಲಿ ಕೆಲಸ ಬಿಡುವಾಗ ಏನು ಅಂತಲೂ ಇರಲಿ. ಅಂಗಡಿಯವರು ಬೇರೆಯವರ ಹತ್ತಿರ ಹೋದರೆ ಫೀಸ್ ಬಾಕಿ ಇದ್ದರೂ ಲೆಕ್ಕ ತಡೆಹಿಡಿಯಬೇಡಿ. ಕೊನೆಯ ಬ್ಯಾಕಪ್, ಬಿಲ್ಲಿನ ಫೋಲ್ಡರ್, ಬಾಕಿ 2ಬಿ ಪಟ್ಟಿ ಮೂರನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟು ಸಹಿ ಪಡೆಯಿರಿ. ಜಿಎಸ್‌ಟಿ ಪ್ರಕಾರ ಈ ಪುಸ್ತಕಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕಾದದ್ದು ಅಂಗಡಿಯವರು, ಅದನ್ನು ಅವರಿಗೆ ನೆನಪು ಮಾಡಿ. ಪೆನ್‌ಡ್ರೈವ್ ಅವರ ಕಂಪ್ಯೂಟರಿನಲ್ಲಿ ತೆರೆಯಿತು ಎಂದು ಫೋನ್ ಬಂದ ಮೇಲೆ, 30 ದಿನ ಬಿಟ್ಟು, ನಿಮ್ಮ ಪ್ರತಿಯನ್ನು ಅಳಿಸಿ ಅಳಿಸಿದ್ದೇನೆ ಎಂದು ಒಂದು ಸಾಲು ಬರೆದು ಕಳಿಸಿ.